ಒಂದೇ ಬೆಳಕು, ಒಂದೇ ಎಡಿಟ್, ಆದರೂ ಮುಖದ ಬಣ್ಣ ಬೇರೆ ಬೇರೆ ಬರುತ್ತಿದೆ

ಗುಬ್ಬಿಕ್ಯಾಮೆರಾ:
ಎಲ್ಲರಿಗೂ ನಮಸ್ಕಾರ. ಗುಬ್ಬಿ ಹತ್ತಿರದ ಶಾಲೆಯಲ್ಲಿ ಏಳನೇ ಕ್ಲಾಸಿನ 42 ಮಕ್ಕಳ ಫೋಟೊ ತೆಗೆದೆ. ಬೆಳಿಗ್ಗೆ ಹತ್ತು ಗಂಟೆ, ಜಗುಲಿಯ ನೆರಳು, ಎಲ್ಲರಿಗೂ ಅದೇ ಗೋಡೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಮೊದಲ ಹುಡುಗಿಯ ಫೋಟೊ ಚೆನ್ನಾಗಿ ತಿದ್ದಿದೆ. ಆಮೇಲೆ ಎಲ್ಲವನ್ನೂ ಸೆಲೆಕ್ಟ್ ಮಾಡಿ, ಎಲ್ಲಕ್ಕೂ ಟಿಕ್ ಹಾಕಿ Sync ಕೊಟ್ಟೆ. ಈಗ ಕೆಲವರ ಮುಖ ಹಳದಿ, ಕೆಲವರದು ನೀಲಿ. ಹುಡುಗರೆಲ್ಲ ಕತ್ತಲಲ್ಲಿ ನಿಂತ ಹಾಗಿದ್ದಾರೆ. ಆ ಹುಡುಗಿಯ ಮುಖಕ್ಕೆ ಬ್ರಷ್‌ನಲ್ಲಿ ಬೆಳಕು ಕೊಟ್ಟಿದ್ದೆ, ಅದು ಉಳಿದವರಲ್ಲಿ ಕಿವಿ ಮೇಲೆ, ಗೋಡೆ ಮೇಲೆ ಬಿದ್ದಿದೆ. ಬೆಳಕು ಒಂದೇ ಅಲ್ವಾ, ಹೀಗ್ಯಾಕೆ?

ಶಿರಾಗೇಟ್:
ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ ಆಟೊ ಇತ್ತು ಅನ್ನಿಸುತ್ತೆ. ಎಲ್ಲವನ್ನೂ ಸೆಲೆಕ್ಟ್ ಮಾಡಿ ಇಲ್ಲೂ Auto ಹಾಕಿಬಿಡಿ, ಸರಿಹೋಗುತ್ತೆ.

ಚಿಂತಾಮಣಿಸ್ಟುಡಿಯೊ:
ಕಾರಣ ಸರಿ ಹೇಳಿದಿರಿ ಅಣ್ಣ, ಆದರೆ Auto ಬೇಡ. ಅದು ಒಂದೊಂದು ಫೋಟೊವನ್ನೂ ಬೇರೆಯಾಗಿ ನೋಡಿ ಲೆಕ್ಕ ಹಾಕುತ್ತೆ. ಕೆಂಪು ರಿಬ್ಬನ್ ಇದ್ದರೆ ಒಂದು ಬಣ್ಣ, ಇಲ್ಲದಿದ್ದರೆ ಇನ್ನೊಂದು.

ಗುಬ್ಬಿಯವರೇ, ಮೊದಲ ಫೋಟೊದಲ್ಲಿ ವೈಟ್ ಬ್ಯಾಲೆನ್ಸ್ ಪಕ್ಕ ಏನು ಬರೆದಿದೆ? ಕ್ಯಾಮೆರಾ ಯಾವ ಮೋಡ್‌ನಲ್ಲಿತ್ತು?

ಗುಬ್ಬಿಕ್ಯಾಮೆರಾ:
As Shot ಅಂತ ಇದೆ. ಬಣ್ಣ ಚೆನ್ನಾಗೇ ಇತ್ತು, ಮುಟ್ಟಲಿಲ್ಲ. ಅಪರ್ಚರ್ ಮೋಡ್, f/4, ಐಎಸ್‌ಒ 400. ಹುಡುಗಿಯರದು ಕಡುನೀಲಿ ಯೂನಿಫಾರ್ಮ್, ಶಟರ್ 1/125 ಬಂದಿದೆ. ಹುಡುಗರದು ಬಿಳಿ ಶರ್ಟ್, 1/200.

ಚಿಂತಾಮಣಿಸ್ಟುಡಿಯೊ:
ಹಾಗಾದರೆ ಎರಡೂ ಗೊತ್ತಾಯಿತು. As Shot ಅಂತ ಇದ್ದಾಗ Sync ಕೊಟ್ಟರೆ ಆ ಫೋಟೊದ ಅಂಕಿ ಹೋಗುವುದಿಲ್ಲ, 'As Shot' ಅನ್ನೋ ಮಾತು ಮಾತ್ರ ಹೋಗುತ್ತೆ. ಪ್ರತಿ ಫೋಟೊ ತನ್ನ ಕ್ಯಾಮೆರಾ ಅಂಕಿಯನ್ನೇ ಇಟ್ಟುಕೊಳ್ಳುತ್ತೆ. ಮೊದಲ ಫೋಟೊದಲ್ಲಿ ಅದನ್ನು Custom ಮಾಡಿ. ಬಣ್ಣ ಬದಲಾಗಲ್ಲ, ಆದರೆ ಅಂಕಿ ನಿಂತುಬಿಡುತ್ತೆ. ಡ್ರಾಪರ್‌ನಲ್ಲಿ ಬಿಳಿ ಶರ್ಟ್ ಮೇಲಂತೂ ಕ್ಲಿಕ್ ಮಾಡಲೇಬೇಡಿ. ನೀಲಿ ಹಾಕಿ ಒಗೆದ ಬಟ್ಟೆ ಅದು. ಮುಖಗಳು ಹಳದಿಗೆ ಹೋಗುತ್ತವೆ.

ಕತ್ತಲು ಬಂದಿದ್ದು ಶಟರ್‌ನಿಂದ. ಬಿಳಿ ಶರ್ಟ್ ನೋಡಿ ಕ್ಯಾಮೆರಾ ಬೆಳಕು ಕಡಿಮೆ ಮಾಡಿದೆ. 1/125ರಿಂದ 1/200ಕ್ಕೆ ಸುಮಾರು ಮುಕ್ಕಾಲಕ್ಕಿಂತ ಸ್ವಲ್ಪ ಕಡಿಮೆ ಸ್ಟಾಪ್, ಅಂದರೆ Exposure ಸ್ಲೈಡರ್‌ನಲ್ಲಿ 0.68.

ಹೀಗೆ ಮಾಡಿ. ಉಳಿದ 41ನ್ನೂ Reset ಮಾಡಿ. ಮೊದಲ ಫೋಟೊ ಮೇಲೆ ಮೊದಲು ಕ್ಲಿಕ್ ಮಾಡಿ, ಆಮೇಲೆ ಉಳಿದವನ್ನು ಸೇರಿಸಿ Sync ಕೊಡಿ. Masking ಮತ್ತು Crop ಟಿಕ್ ತೆಗೆದಿರಿ. ಸೆಲೆಕ್ಷನ್ ಬಿಡದೆ Settings ಮೆನುವಿನಲ್ಲಿ Match Total Exposures ಒತ್ತಿ. ಶಟರ್, ಅಪರ್ಚರ್, ಐಎಸ್‌ಒ ವ್ಯತ್ಯಾಸವನ್ನು ಅದೇ ಸರಿದೂಗಿಸುತ್ತೆ. ನಡುವೆ ಮೋಡ ಬಂದಿದ್ದರೆ ಅದಕ್ಕೆ ತಿಳಿಯಲ್ಲ. ಗೋಡೆ ಎಲ್ಲದರಲ್ಲೂ ಒಂದೇ ಥರ ಕಂಡರೆ ಸರಿಯಾಯಿತು ಅಂತ. ಮುಖ ನೋಡಿ ತೀರ್ಮಾನಿಸಬೇಡಿ, ಗೋಡೆ ನೋಡಿ.

ಮಾಲೂರುಮದುವೆ:
ನನಗೂ ಇದೇ ತೊಂದರೆ! ಆರತಕ್ಷತೆ ಸ್ಟೇಜಲ್ಲಿ ಎಲ್‌ಇಡಿ ಬಣ್ಣ ಬದಲಾಯಿಸುತ್ತಲೇ ಇರುತ್ತೆ. ಒಂದೇ ಎಡಿಟ್ ಎಷ್ಟು ಹಾಕಿದರೂ ಹೊಂದಲ್ಲ.

ಚಿಂತಾಮಣಿಸ್ಟುಡಿಯೊ:
ನಿಮ್ಮದು ಬೇರೆ ಸಮಸ್ಯೆ. ಅಲ್ಲಿ ಬೆಳಕೇ ಒಂದಲ್ಲ. ಒಂದೇ ಬಣ್ಣದ ಬೆಳಕು ಇರುವ ಫೋಟೊಗಳನ್ನು ಗುಂಪು ಮಾಡಿ, ಗುಂಪಿಗೊಂದು ಎಡಿಟ್ ಮಾಡಬೇಕು.

ಗುಬ್ಬಿಕ್ಯಾಮೆರಾ:
ಅಬ್ಬಾ, ಗೋಡೆ ಒಂದೇ ಬಣ್ಣಕ್ಕೆ ಬಂತು! ಹುಡುಗರ ಮುಖವೂ ಬೆಳಗಿತು. ಆದರೆ ಅಂಗಳದ ಕಡೆ ನಿಂತ ನಾಲ್ಕು ಮಕ್ಕಳ ಗದ್ದದ ಕೆಳಗೆ ಇನ್ನೂ ಕೆಂಪು. ವೈಟ್ ಬ್ಯಾಲೆನ್ಸ್ ತಗ್ಗಿಸಲಾ?

ಚಿಂತಾಮಣಿಸ್ಟುಡಿಯೊ:
ಬೇಡ, ಗೋಡೆ ಮತ್ತೆ ನೀಲಿಯಾಗುತ್ತೆ. ಅದು ಅಂಗಳದ ಕೆಮ್ಮಣ್ಣಿನ ಮೇಲಿಂದ ಪುಟಿದ ಬಿಸಿಲು. ನಮ್ಮ ಕಡೆ ಇದು ತುಂಬಾ ಆಗುತ್ತೆ. Select People ಮಾಸ್ಕ್‌ನಲ್ಲಿ Face Skin ಮಾತ್ರ ತಗೊಂಡು, Temp ಸ್ವಲ್ಪ ನೀಲಿ ಕಡೆಗೆ ಎಳೆಯಿರಿ. ಮೈನಸ್ 5ರಿಂದ ಶುರು ಮಾಡಿ. ಮುಖ ಸರಿಯಾಗಿ ಕತ್ತು ಮಾತ್ರ ಕೆಂಪಗೆ ಉಳಿದರೆ Body Skin ಕೂಡ ಸೇರಿಸಿ. ಇದನ್ನು ಆ ನಾಲ್ಕಕ್ಕೆ ಮಾತ್ರ ಮಾಡಿ.

ಇನ್ನೊಂದು ಮಾತು. ಗೋಡೆ ಹೊಂದಿದ ಮೇಲೂ ಒಬ್ಬ ಹುಡುಗ ಪಕ್ಕದವನಿಗಿಂತ ಕಪ್ಪಗಿದ್ದರೆ ಅದು ಅವನ ಮೈಬಣ್ಣ. ಅದನ್ನು ಬೆಳ್ಳಗೆ ಮಾಡಬೇಡಿ. ಕಣ್ಣಿನ ಗುಳಿಯಲ್ಲಿ ನೆರಳಿದ್ದರೆ ಅಷ್ಟಕ್ಕೆ ಮಾತ್ರ Exposure 0.20 ಕೊಡಿ.

ಶಿರಾಗೇಟ್:
ತಾಯಂದಿರು ಬೆಳ್ಳಗೆ ಮಾಡಿ ಅಂತ ಕೇಳ್ತಾರಲ್ಲ ಸರ್, ದುಡ್ಡು ಕೊಡೋರು ಅವರೇ.

ಚಿಂತಾಮಣಿಸ್ಟುಡಿಯೊ:
ಕೇಳ್ತಾರೆ. ನಾನು ಮಾಡಿಕೊಡಲ್ಲ. ಬೆಳಕು ಸರಿಯಿರುವ ಪ್ರಿಂಟ್ ತೋರಿಸಿದರೆ ಬಹಳ ಜನ ಒಪ್ಪುತ್ತಾರೆ.

ಗುಬ್ಬಿಕ್ಯಾಮೆರಾ:
ನಾಲ್ಕೂ ಸರಿಯಾದವು, ತುಂಬಾ ಥ್ಯಾಂಕ್ಸ್. ಕೊನೆಯ 6 ಮಾತ್ರ ಹೊಂದುತ್ತಿಲ್ಲ. ಈಗ ನೋಡಿದೆ, ಅವು ತಮ್ಮನ ಕ್ಯಾಮೆರಾದ ಜೆಪೆಗ್.

ಚಿಂತಾಮಣಿಸ್ಟುಡಿಯೊ:
ಜೆಪೆಗ್‌ನಲ್ಲಿ ಕ್ಯಾಮೆರಾ ಹಾಕಿದ ಬಣ್ಣ ಒಳಗೇ ಸೇರಿಬಿಟ್ಟಿರುತ್ತೆ. ರಾ ಫೋಟೊದ ಅಂಕಿ ಅದಕ್ಕೆ ಹೊಂದಲ್ಲ. ಹೊಂದಿದ ಒಂದು ಫೋಟೊವನ್ನು ಪಕ್ಕದಲ್ಲಿಟ್ಟು, ಅದರ ಗೋಡೆ ನೋಡಿ ಆರನ್ನೂ ಕೈಯಲ್ಲೇ ತಿದ್ದಬೇಕು. ಪೂರ್ತಿ ಹೊಂದುತ್ತೆ ಅಂತ ಹೇಳಲಾರೆ. ಒಂದು ಫೋಟೊ ಇಲ್ಲಿ ಹಾಕಿ, ನೋಡೋಣ.