ಆಂತರಿಕ ವರ್ಗಾವಣೆ ಪತ್ರದ ಒಂದು ವಾಕ್ಯಕ್ಕೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಸಹಕಾರಿ ಸಂಘದ ಸಾಲ ವಿಭಾಗದಲ್ಲಿದ್ದು, ನಮ್ಮಲ್ಲೇ ಆಂತರಿಕ ಲೆಕ್ಕಪರಿಶೋಧನಾ ವಿಭಾಗದಲ್ಲಿ ಖಾಲಿಯಾಗಿರುವ ಹುದ್ದೆಗೆ ವರ್ಗಾವಣೆ ಕೋರಿ ಪತ್ರ ಬರೆಯುತ್ತಿದ್ದೇನೆ. ಅಡಮಾನ ಪತ್ರಗಳನ್ನು ಓದುವುದನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರು ಈಗಿನ ವ್ಯವಸ್ಥಾಪಕರೇ. ಅವರ ಮನಸ್ಸಿಗೆ ನೋವಾಗಬಾರದು ಎಂಬುದೇ ನನ್ನ ಚಿಂತೆ.

ವಿಷಯವನ್ನು ಅವರಿಗೆ ಮೊದಲೇ ಮುಖತಃ ತಿಳಿಸಿದ್ದೇನೆ. ಪತ್ರವನ್ನು ಪ್ರಧಾನ ವ್ಯವಸ್ಥಾಪಕರಿಗೆ ಬರೆದು, ಕೆಳಗೆ ‘ಮುಖಾಂತರ’ ಎಂದು ಇವರ ಹುದ್ದೆಯನ್ನು ನಮೂದಿಸಿದ್ದೇನೆ. ಮಾರ್ಚ್ 31ರ ವರ್ಷಾಂತ್ಯದ ಕೆಲಸ ಮುಗಿಸಿ, ಬಾಕಿ ಕಡತಗಳ ಪಟ್ಟಿಯೊಂದಿಗೆ ಹೊಸಬರಿಗೆ ಕೆಲಸ ಒಪ್ಪಿಸಿಯೇ ಹೊರಡುವುದಾಗಿಯೂ ಬರೆದಿದ್ದೇನೆ. ತೊಡಕಿರುವುದು ಕಾರಣದಲ್ಲಿ. ‘ಹೊಸದನ್ನು ಕಲಿಯುವ ಆಸೆಯಿಂದ’ ಎಂದರೆ ಇಲ್ಲಿ ಕಲಿಯಲು ಏನೂ ಉಳಿದಿಲ್ಲ ಎಂಬ ಧ್ವನಿ ಬರುತ್ತದೆ. ‘ವೈಯಕ್ತಿಕ ಕಾರಣ’ ಎಂದರೆ ಮೇಲಿನವರು ಮನಸ್ತಾಪವನ್ನು ಊಹಿಸುತ್ತಾರೆ. ಆದ್ದರಿಂದ ಹೀಗೆ ತಿದ್ದಿದ್ದೇನೆ:

‘ಮಾನ್ಯ ವ್ಯವಸ್ಥಾಪಕರ ಮಾರ್ಗದರ್ಶನದಲ್ಲಿ ಸಾಲದ ಕಡತಗಳನ್ನು ಪರಿಶೀಲಿಸುತ್ತಾ ಲೆಕ್ಕಪರಿಶೋಧನೆಯಲ್ಲಿ ಆಸಕ್ತಿ ಬೆಳೆದಿದ್ದು, ಆ ಅನುಭವವನ್ನು ಅಲ್ಲಿ ಬಳಸಲು ಅವಕಾಶ ಕೋರುತ್ತೇನೆ.’

ಕಚೇರಿ ಪತ್ರವ್ಯವಹಾರ ಬಲ್ಲವರು ದಯವಿಟ್ಟು ತಿಳಿಸಿ: ವ್ಯವಸ್ಥಾಪಕರೇ ಶಿಫಾರಸು ಬರೆದು ಕಳುಹಿಸಬೇಕಾದ ಪತ್ರದಲ್ಲಿ ಅವರ ಮಾರ್ಗದರ್ಶನದ ಈ ಉಲ್ಲೇಖ ಇರಬಹುದೇ, ಅಥವಾ ಕೃತಜ್ಞತೆಯನ್ನು ಅವರಿಗೆ ಪ್ರತ್ಯೇಕ ಪತ್ರದಲ್ಲಿ ಸಲ್ಲಿಸುವುದೇ ಸರಿಯೇ?