ಲೇಯರ್ ಮಾಸ್ಕ್ ಗೊತ್ತಿದೆ, ಇನ್ನು ವಿಡಿಯೋದಲ್ಲಿ ಮುಖ ಬದಲಾಯಿಸುವುದು: ಒಂದು ತಿಂಗಳಲ್ಲಿ ಕಲಿಯುವುದು ಹೇಗೆ?

ಪ್ರಶ್ನೆ (ಹವ್ಯಾಸಿ ಎಡಿಟರ್, ಶಿವಮೊಗ್ಗ): ಫೋಟೋಶಾಪ್‌ನಲ್ಲಿ ಲೇಯರ್ ಮಾಸ್ಕ್ ಹಾಕಿ ಮುಖ ಕೂರಿಸುವುದು ಚೆನ್ನಾಗಿ ಬರುತ್ತೆ. ಈಗ ಕಿರುಚಿತ್ರಕ್ಕೆ ಒಂದು ಡಬಲ್ ರೋಲ್ ಶಾಟ್ ಬೇಕು. ಗೆಳೆಯ ಕಾಫಿ ಕುಡಿಯುತ್ತಾ ತಿರುಗಿ ನೋಡುತ್ತಾನೆ, ಅವನ ಮುಖದ ಜಾಗದಲ್ಲಿ ನನ್ನ ಮುಖ ಬರಬೇಕು. ನಾಲ್ಕು ಸೆಕೆಂಡ್ ಅಷ್ಟೇ. ಅವನು ಒಪ್ಪಿದ್ದಾನೆ. 6 ಜಿಬಿ ಎನ್ವಿಡಿಯಾ ಕಾರ್ಡ್ ಇದೆ. ತಿಂಗಳಲ್ಲಿ ನಾನೇ ಕಲಿಯೋಕೆ ದಾರಿ ಹೇಳಿ.

ಮದುವೆ ವಿಡಿಯೋ ಎಡಿಟರ್, ಹಾಸನ: ತಿಂಗಳು ಯಾಕೆ ಸರ್? ಒಂದೇ ಫೋಟೋ ಕೊಟ್ರೆ ಮುಖ ಬದಲಾಯಿಸೋ ಟೂಲ್‌ಗಳಿವೆ. ಕಂಪ್ಯೂಟರ್‌ಗೆ ಮುಖ ಕಲಿಸೋ ಟ್ರೈನಿಂಗ್ ಬೇಡವೇ ಬೇಡ, ಸಂಜೆಯೊಳಗೆ ಮುಗಿಯುತ್ತೆ.

ವಿಎಫ್‌ಎಕ್ಸ್ ಕಂಪೋಸಿಟರ್, ಬೆಂಗಳೂರು: ದೂರದ ಶಾಟ್ ಆಗಿದ್ದರೆ ನಿಮ್ಮ ಮಾತು ಸರಿ. ಆದರೆ ಆ ಟೂಲ್‌ಗಳಲ್ಲಿ ಹೆಚ್ಚಿನವು ಬಳಸುವುದು `inswapper_128` ಮಾಡೆಲ್. ಅದು ಕೊಡುವ ಮುಖ 128 ಪಿಕ್ಸೆಲ್‌ನದು. ಕ್ಲೋಸಪ್‌ನಲ್ಲಿ ಹಿಗ್ಗಿಸಿದರೆ ಮಸುಕಾಗುತ್ತೆ. ಅದನ್ನು ಚೂಪು ಮಾಡಲು ಇನ್ನೊಂದು ಟೂಲ್ ಓಡಿಸಿದರೆ ಚರ್ಮ ಪ್ಲಾಸ್ಟಿಕ್ ತರಹ ಆಗುತ್ತೆ. ಜೊತೆಗೆ, ಪಕ್ಕಕ್ಕೆ ತಿರುಗಿದ ಮುಖ ಹೇಗಿರುತ್ತೆ ಅನ್ನುವುದು ಒಂದು ಫೋಟೋದಿಂದ ಅದಕ್ಕೆ ಗೊತ್ತಾಗುವುದಿಲ್ಲ. ಇಲ್ಲಿ ತಿರುಗುವುದೂ ಇದೆ, ಲೋಟವೂ ಇದೆ. ಆದ್ದರಿಂದ ಟ್ರೈನಿಂಗ್ ದಾರಿಯನ್ನೇ ಹೇಳುತ್ತೇನೆ. ಫೇಸ್‌ಸ್ವಾಪ್ ಅನ್ನುವ ಓಪನ್ ಸೋರ್ಸ್ ಪ್ರೋಗ್ರಾಂ ಸಾಕು.

ಮೊದಲ ವಾರ ಪೂರ್ತಿ ಶೂಟಿಂಗ್‌ಗೆ ಮತ್ತು ಮುಖಗಳನ್ನು ಹೆಕ್ಕುವುದಕ್ಕೆ ಇಡಿ. ನಾಲ್ಕು ಸೆಕೆಂಡ್ ಅಂದರೆ 25ರ ವೇಗದಲ್ಲಿ 100 ಫ್ರೇಮ್. ಕಲಿಕೆಗೆ ಅಷ್ಟು ಸಾಲದು. ಅದೇ ಜಾಗ, ಅದೇ ಬೆಳಕಿನಲ್ಲಿ ಇಬ್ಬರನ್ನೂ ಬೇರೆಬೇರೆಯಾಗಿ ಕೆಲವು ನಿಮಿಷ ಶೂಟ್ ಮಾಡಿ. ಎಡ, ಬಲ, ಮೇಲೆ, ಕೆಳಗೆ ನೋಡಿ. ಮಾತಾಡಿ, ನಗಿ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಇರಿ. ಇದನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮ ಕಣ್ಣು ಮುಚ್ಚಿದ ಚಿತ್ರಗಳೇ ಇಲ್ಲದಿದ್ದರೆ, ಗೆಳೆಯ ಕಣ್ಣು ಮಿಟುಕಿಸಿದಾಗ ನಿಮ್ಮ ಮುಖ ಅರೆಗಣ್ಣು ಬಿಟ್ಟುಕೊಂಡೇ ಇರುತ್ತೆ. ಇಬ್ಬರಿಂದಲೂ ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಮುಖ ಸಿಗಲಿ. ಆದರೆ ಒಂದೇ ಭಂಗಿಯ ಸಾವಿರ ಚಿತ್ರದಿಂದ ಉಪಯೋಗವಿಲ್ಲ.

A ಅಂದರೆ ಹೋಗಬೇಕಾದ ಮುಖ, B ಅಂದರೆ ಬರಬೇಕಾದ ಮುಖ:

```
python faceswap.py extract -i geleya.mp4 -o faces/A
python faceswap.py extract -i naanu.mp4 -o faces/B
python faceswap.py train -A faces/A -B faces/B -m model -t lightweight -p
```

ಹೆಕ್ಕಿದ ಮೇಲೆ ಫೋಲ್ಡರ್ ತೆರೆದು ಒಂದೊಂದಾಗಿ ನೋಡಿ. ಗೋಡೆಯ ಮೇಲಿನ ದೇವರ ಫೋಟೋ, ಕ್ಯಾಲೆಂಡರ್‌ನಲ್ಲಿರುವ ಮುಖ, ಎಲ್ಲವನ್ನೂ ಅದು ಮುಖ ಅಂತಲೇ ಎತ್ತಿಕೊಂಡಿರುತ್ತೆ. ಅಳಿಸಿ. ಓರೆಯಾಗಿ ಕೂತವು, ಅಲುಗಿ ಮಸುಕಾದವು, ಲೋಟ ಬಾಯಿ ಮುಚ್ಚಿದವು, ಇವನ್ನೂ ಟ್ರೈನಿಂಗ್ ಫೋಲ್ಡರಿನಿಂದ ತೆಗೆಯಿರಿ. ಇಲ್ಲದಿದ್ದರೆ ಲೋಟವೂ ಮುಖದ ಭಾಗ ಅಂತ ಮಾಡೆಲ್ ಕಲಿತುಬಿಡುತ್ತೆ.

ಕೊನೆಗೆ ಬದಲಾಯಿಸಬೇಕಾದ ಶಾಟ್ ಮೇಲೂ ಬೇರೆಯಾಗಿ ಹೆಕ್ಕುವ ಕೆಲಸ ಮಾಡಬೇಕು. ಅಲ್ಲಿ ಮಾತ್ರ ಗೆಳೆಯನ ಮುಖ ಒಂದು ಫ್ರೇಮ್‌ನಲ್ಲೂ ತಪ್ಪಿಹೋಗಬಾರದು. ಗೋಡೆಯ ಮುಖಗಳನ್ನು ಚಿತ್ರದ ಫೋಲ್ಡರಿನಿಂದ ಅಳಿಸಿದರೆ ಸಾಲದು, ಯಾವ ಫ್ರೇಮ್‌ನಲ್ಲಿ ಮುಖ ಎಲ್ಲಿದೆ ಅಂತ ಬರೆದಿಡುವ ಅಲೈನ್‌ಮೆಂಟ್ ಫೈಲ್‌ನಲ್ಲಿ ಅವುಗಳ ಲೆಕ್ಕ ಉಳಿದಿರುತ್ತೆ. ಅಲೈನ್‌ಮೆಂಟ್ ಟೂಲ್‌ನಲ್ಲಿ `remove-faces` ಓಡಿಸಿ. ಇಲ್ಲದಿದ್ದರೆ ಕ್ಯಾಲೆಂಡರ್ ದೇವರಿಗೂ ನಿಮ್ಮ ಮುಖ ಬರುತ್ತೆ.

ಎರಡನೇ ವಾರ ಸಣ್ಣ ಮಾಡೆಲ್ `lightweight` ಹಾಕಿ ಓಡಲು ಬಿಡಿ. ಒಳಗೆ ಏನಾಗುತ್ತೆ ಅಂತ ಈ ವಾರವೇ ತಿಳಿದುಕೊಳ್ಳಿ. ಎನ್‌ಕೋಡರ್ ಒಂದೇ, ಇಬ್ಬರಿಗೂ ಸೇರಿ. ಮುಖ ಎತ್ತ ತಿರುಗಿದೆ, ಬಾಯಿ ಎಷ್ಟು ತೆರೆದಿದೆ, ಬೆಳಕು ಎಲ್ಲಿಂದ ಬಿದ್ದಿದೆ, ಇದನ್ನೆಲ್ಲ ಅದು ಹಿಡಿಯುತ್ತೆ. ಡಿಕೋಡರ್ ಮಾತ್ರ ಎರಡು. ನಿಮ್ಮ ಡಿಕೋಡರ್‌ಗೆ ಬಿಡಿಸಲು ಬರುವುದು ನಿಮ್ಮ ಮುಖ ಒಂದೇ. ಗೆಳೆಯನ ಫ್ರೇಮನ್ನು ಎನ್‌ಕೋಡರ್‌ಗೆ ಕೊಟ್ಟು ನಿಮ್ಮ ಡಿಕೋಡರ್‌ನಿಂದ ಹೊರತೆಗೆದರೆ ಅವನ ಹಾವಭಾವದಲ್ಲಿ ನಿಮ್ಮ ಮುಖ ಬರುತ್ತೆ. ಬೆಳಕು ಒಂದೇ ಇರಲಿ ಅಂದದ್ದು ಇದಕ್ಕೇ. ನಿಮ್ಮ ಚಿತ್ರಗಳೆಲ್ಲ ಟ್ಯೂಬ್‌ಲೈಟ್‌ನವು, ಅವನವೆಲ್ಲ ಕಿಟಕಿ ಬೆಳಕಿನವು ಆದರೆ, ನಿಮ್ಮ ಡಿಕೋಡರ್‌ಗೆ ಕಿಟಕಿ ಬೆಳಕನ್ನು ಬಿಡಿಸುವುದು ಗೊತ್ತೇ ಇರುವುದಿಲ್ಲ.

ಪ್ರಿವ್ಯೂನಲ್ಲಿ ಮೂರು ಮೂರು ಚಿತ್ರ ಬರುತ್ತೆ: ಅಸಲಿ, ಅದನ್ನೇ ಮತ್ತೆ ಬಿಡಿಸಿದ್ದು, ಅದಲು ಬದಲು ಮಾಡಿದ್ದು. ಮೊದಲು ಕಂದು ಬಣ್ಣದ ಮಬ್ಬು ಕಾಣುತ್ತೆ, ಗಾಬರಿ ಬೇಡ. ತಪ್ಪು ಎಷ್ಟಿದೆ ಅಂತ ತೋರಿಸುವ ಲಾಸ್ ಅಂಕಿಯನ್ನೇ ನೋಡುತ್ತಾ ಕೂರಬೇಡಿ. ಹಲ್ಲು ಒಂದೊಂದಾಗಿ ಬೇರೆ ಕಾಣುತ್ತಿವೆಯಾ, ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಬಂತಾ, ಅದನ್ನು ನೋಡಿ. ಎರಡನೇ ಚಿತ್ರ ಚೆನ್ನಾಗಿದ್ದು ಮೂರನೆಯದು ಕೆಟ್ಟಿದ್ದರೆ, ಬಹುತೇಕ ಆ ಭಂಗಿ ನಿಮ್ಮ ಫೋಲ್ಡರಿನಲ್ಲಿ ಇಲ್ಲ ಅಂತಲೇ ಅರ್ಥ. ಮೂರನೇ ವಾರದ ಕೆಲಸ ಅದೇ. ಕೊರತೆ ಇರುವ ಭಂಗಿಗಳನ್ನು ಮತ್ತೆ ಶೂಟ್ ಮಾಡಿ ಸೇರಿಸಿ, ಆಮೇಲೆ ಹೊಸ ಮಾಡೆಲ್ ಫೋಲ್ಡರ್ ಕೊಟ್ಟು `dlight` ತರಹದ, 256 ಪಿಕ್ಸೆಲ್‌ನ ಮುಖ ಕೊಡುವ ಮಾಡೆಲ್ ಹಾಕಿ. ಮೆಮೊರಿ ಸಾಲದೆ ನಿಂತರೆ ಬ್ಯಾಚ್ ಸೈಜ್, ಅಂದರೆ ಒಂದು ಸಲಕ್ಕೆ ಮಾಡೆಲ್‌ಗೆ ಕೊಡುವ ಚಿತ್ರಗಳ ಸಂಖ್ಯೆ, ಇಳಿಸಿ.

ನಾಲ್ಕನೇ ವಾರ ನಿಮ್ಮದೇ. ಶಾಟ್‌ಗೆ ಹೊಸ ಮುಖ ಹಾಕುವ ಹಂತವೇ ಕನ್ವರ್ಟ್. ಅದನ್ನು ಮಾಡುವಾಗ ವಿಡಿಯೋ ಬೇಡ, ಪಿಎನ್‌ಜಿ ಫ್ರೇಮ್‌ಗಳಾಗಿ ಹೊರತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ `draw_transparent` ಆನ್ ಮಾಡಿದರೆ ಹೊಸ ಮುಖ ಮಾತ್ರ ಪಾರದರ್ಶಕ ಲೇಯರ್ ಮೇಲೆ ಬರುತ್ತೆ. ಅಸಲಿ ಶಾಟ್ ಕೆಳಗೆ, ಇದು ಮೇಲೆ. ಇಲ್ಲಿಂದ ಎಲ್ಲ ನಿಮಗೆ ಗೊತ್ತಿರುವ ಮಾಸ್ಕ್ ಕೆಲಸ, ಫ್ರೇಮ್ ಫ್ರೇಮಿಗೆ ಅಷ್ಟೇ. ಲೋಟ ಬಾಯಿಗೆ ಬಂದ ಫ್ರೇಮ್‌ಗಳಲ್ಲಿ ಲೋಟ ಮತ್ತು ಬೆರಳುಗಳ ಆಕಾರಕ್ಕೆ ಮಾಸ್ಕ್ ಎಳೆದು ಮೇಲಿನ ಮುಖವನ್ನು ಕತ್ತರಿಸಿ. ಕೆಳಗಿನ ಅಸಲಿ ಲೋಟ ಕಾಣುತ್ತೆ. ಅಂಚನ್ನು ತೀರಾ ಮೆತ್ತಗೆ ಮಾಡಬೇಡಿ. ಮೆತ್ತಗಾದರೆ ಲೋಟದ ಸುತ್ತ ಗೆಳೆಯನ ತುಟಿ ಇಣುಕುತ್ತೆ. ಕೊನೆಗೆ ಸ್ವಲ್ಪ ಗ್ರೇನ್ ಸೇರಿಸಿ, ಯಾಕೆಂದರೆ ಮಾಡೆಲ್ ಕೊಡುವ ಚರ್ಮ ಕ್ಯಾಮೆರಾದ್ದಕ್ಕಿಂತ ನುಣುಪು.

ಒಂದು ಮಿತಿ ಈಗಲೇ ತಿಳಿದಿರಲಿ. ಬದಲಾಗುವುದು ಹೆಚ್ಚುಕಡಿಮೆ ಹುಬ್ಬಿನಿಂದ ಗದ್ದದವರೆಗೆ ಮಾತ್ರ. ತಲೆಯ ಅಗಲ, ಕಿವಿ, ಕೂದಲು ಗೆಳೆಯನದೇ. ಅವನ ದವಡೆ ನಿಮ್ಮದಕ್ಕಿಂತ ಅಗಲವಾಗಿದ್ದರೆ ಎಷ್ಟು ಟ್ರೈನ್ ಮಾಡಿದರೂ ನೀವು ಅಂತ ಅನಿಸುವುದಿಲ್ಲ. ಆಗ ಬೇರೆ ಗೆಳೆಯನನ್ನು ಹುಡುಕಿ. ಯಾರಾದರೂ ಸರಿ, ಒಪ್ಪಿಗೆ ಬರೆದು ತೆಗೆದುಕೊಳ್ಳಿ. ಮಾಡೆಲ್ ಮತ್ತು ಮುಖದ ಫೋಲ್ಡರ್ ಯಾರಿಗೂ ಕೊಡಬೇಡಿ.

ಗೃಹಿಣಿ, ಧಾರವಾಡ: ಸರ್, ನಮ್ಮ ಅಜ್ಜಾರು ತೀರಿಕೊಂಡು ಬಹಳ ವರ್ಷ ಆಯ್ತು. ಒಂದೇ ಫೋಟೋ ಉಳಿದದ. ತಮ್ಮನ ಮದುವೆ ವಿಡಿಯೋದಾಗ ಅವರ ಮುಖ ತರಬಹುದೇನು? ನಮ್ಮ ಲ್ಯಾಪ್‌ಟಾಪಿನಾಗ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ವಿಎಫ್‌ಎಕ್ಸ್ ಕಂಪೋಸಿಟರ್: ಒಂದು ಫೋಟೋದಿಂದ ಈ ದಾರಿ ಆಗುವುದಿಲ್ಲ ಮೇಡಂ. ಕಾರ್ಡ್ ಇಲ್ಲ ಅಂತ ಗೂಗಲ್ ಕೊಲ್ಯಾಬ್‌ಗೆ ಹೋಗಲೂ ಬೇಡಿ, ಅಲ್ಲಿ ಡೀಪ್‌ಫೇಕ್ ಮಾಡುವುದಕ್ಕೆ ನಿಷೇಧ ಇದೆ. ಮನೆಯವರೆಲ್ಲ ಒಪ್ಪಿದರೆ ಗುಂಪು ಫೋಟೋದಲ್ಲಿ ಲೇಯರ್ ಮಾಸ್ಕ್ ಹಾಕಿ ಅಜ್ಜನವರನ್ನು ಕೂರಿಸಿ. ಅದು ಚೆನ್ನಾಗಿ ಬರುತ್ತೆ.

ಪ್ರಶ್ನೆ ಕೇಳಿದವರು: ಸರ್, ನಾನು ಅವನಿಗಿಂತ ಸ್ವಲ್ಪ ಕಪ್ಪು. ಬಣ್ಣ ಟ್ರೈನಿಂಗ್‌ಗೆ ಮೊದಲೇ ಹೊಂದಿಸಬೇಕಾ, ಆಮೇಲಾ?

ವಿಎಫ್‌ಎಕ್ಸ್ ಕಂಪೋಸಿಟರ್: ನಾನು ಆಮೇಲೆ ಮಾಡುತ್ತೇನೆ. ಕುತ್ತಿಗೆ, ಕೈ ಅವನದೇ ಅಲ್ವಾ, ಮುಖವನ್ನು ಆ ಬಣ್ಣಕ್ಕೆ ತರಬೇಕು. ಕನ್ವರ್ಟ್‌ನಲ್ಲಿ `avg-color` ಹಾಕಿ, ಉಳಿದದ್ದನ್ನು ಲೇಯರ್‌ನಲ್ಲಿ ಕರ್ವ್ಸ್‌ನಿಂದ ಸರಿ ಮಾಡಿ.

ಮದುವೆ ವಿಡಿಯೋ ಎಡಿಟರ್: ಆದರೆ ಸರ್, ಫ್ರೇಮಿಗೊಂದು ಸರಾಸರಿ ತೆಗೆದರೆ ಲೋಟ ಬಂದಾಗ ಬಣ್ಣ ಮಿನುಗಲ್ವಾ? ಗೆಳೆಯನ ಕುತ್ತಿಗೆಗೇ ಮೇಕಪ್ ಹಾಕಿ ಶೂಟ್ ಮಾಡೋದು ಸುಲಭ ಅನ್ಸುತ್ತೆ.

ವಿಎಫ್‌ಎಕ್ಸ್ ಕಂಪೋಸಿಟರ್: ಮಿನುಗುವ ಸಾಧ್ಯತೆ ಇದೆ, ಒಪ್ಪುತ್ತೇನೆ. ಮೇಕಪ್ ಹಾಕಿದ್ದು ಒಂದು ಟೇಕ್, ಹಾಕದ್ದು ಒಂದು ಟೇಕ್, ಎರಡೂ ತೆಗೆದಿಟ್ಟುಕೊಳ್ಳಿ. ಮೊದಲ ಕನ್ವರ್ಟ್ ಆದ ಮೇಲೆ ಲೋಟ ಬರುವ ಫ್ರೇಮ್‌ಗಳನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.