ಅಪ್‌ಡೇಟ್: ತುಂಬಿದ್ದ ಅಲ್ಗಾರಿದಮ್ಸ್ ತರಗತಿಯಲ್ಲಿ ಸೀಟು ಸಿಕ್ಕಿತು

ನನ್ನ ಪ್ರಶ್ನೆ: "ಅಮೆರಿಕದಲ್ಲಿ ಎಂ.ಎಸ್. ಮೊದಲ ಸೆಮಿಸ್ಟರ್. ಅಲ್ಗಾರಿದಮ್ಸ್ ವೇಟ್‌ಲಿಸ್ಟಿನಲ್ಲಿ ನಾನೇ ಮೊದಲಿಗ. ಆದರೂ ಖಾಲಿಯಾದ ಸೀಟು ನನ್ನ ಹಿಂದಿನವನಿಗೆ ಹೋಯಿತು. ಏಕೆ?"

ಕಾರಣ ತಿಳಿಯಿತು. ಸೀಟು ಸಿಗದಿದ್ದರೆ ಇರಲಿ ಎಂದು ಮಂಗಳವಾರ 10 ಗಂಟೆಯ ಇನ್ನೊಂದು ಕೋರ್ಸಿಗೆ ಸೇರಿಕೊಂಡಿದ್ದೆ. ಅಲ್ಗಾರಿದಮ್ಸ್ ಶುರುವಾಗುವುದು 10:30ಕ್ಕೆ. ಸೀಟು ಖಾಲಿಯಾದಾಗ ನಮ್ಮ ವ್ಯವಸ್ಥೆ ಸರದಿಯ ಜೊತೆಗೆ ವೇಳಾಪಟ್ಟಿಯನ್ನೂ ಕ್ರೆಡಿಟ್ ಮಿತಿಯನ್ನೂ ನೋಡುತ್ತದೆ. ಘರ್ಷಣೆ ಕಂಡರೆ ಸದ್ದಿಲ್ಲದೆ ಮುಂದಿನವರಿಗೆ ದಾಟುತ್ತದೆ. ಒಂದು ಇಮೇಲ್ ಕೂಡ ಬರಲಿಲ್ಲ, ಅದೇ ನನಗೆ ಬಹಳ ನೋವು ಕೊಟ್ಟದ್ದು.

ಬದಲಿ ಕೋರ್ಸನ್ನು ಬಿಟ್ಟುಬಿಡುವಂತೆಯೂ ಇರಲಿಲ್ಲ. ಬಿಟ್ಟರೆ 6 ಕ್ರೆಡಿಟ್ ಮಾತ್ರ ಉಳಿಯುತ್ತಿತ್ತು. ಎಫ್-1 ವೀಸಾದವರು ಪೂರ್ಣಾವಧಿ ವಿದ್ಯಾರ್ಥಿಗಳಾಗಿರಬೇಕು, ನಮ್ಮಲ್ಲಿ ಅದಕ್ಕೆ 9 ಬೇಕು. ಸಲಹೆಗಾರ್ತಿ ತೋರಿಸಿದ ದಾರಿ 'ಸ್ವಾಪ್': ವೇಟ್‌ಲಿಸ್ಟಿಗೆ ಸೇರುವಾಗಲೇ, ಸೀಟು ಸಿಕ್ಕ ಕ್ಷಣ ಯಾವ ಕೋರ್ಸ್ ಬಿಡಬೇಕೆಂದು ಗುರುತಿಸುವುದು. ಅಲ್ಲಿಯವರೆಗೆ ಹಳೆಯ ಸೀಟು ಭದ್ರ. ಆದರೆ ಅದಕ್ಕಾಗಿ ವೇಟ್‌ಲಿಸ್ಟಿಗೆ ಮತ್ತೆ ಹೊಸದಾಗಿ ಸೇರಿದ್ದರಿಂದ ನಾನು ನಾಲ್ಕನೆಯವನಾದೆ.

ಪೂರ್ವಾರ್ಹತೆಯ ತೊಡಕು ಮೊದಲೇ ಬಗೆಹರಿದಿತ್ತು. ನನ್ನ ಬಿ.ಇ. ಅಂಕಗಳು ಅವರ ಕಂಪ್ಯೂಟರಿನಲ್ಲಿ ಇರಲಿಲ್ಲ. ಡೇಟಾ ಸ್ಟ್ರಕ್ಚರ್ಸ್ ಪಠ್ಯಕ್ರಮ, ಅಂಕಪಟ್ಟಿ ಕಳುಹಿಸಿದ ಮೇಲೆ ವಿಭಾಗದವರು ಅನುಮತಿ ನಮೂದಿಸಿದರು. ಆ ಅನುಮತಿ ಪೂರ್ವಾರ್ಹತೆಗೆ ಮಾತ್ರ, ಸೀಟಿಗಲ್ಲ.

ಮೊದಲ ವಾರ ಪ್ರಾಧ್ಯಾಪಕರಿಗೆ ತಿಳಿಸಿ ಪ್ರತಿ ತರಗತಿಗೂ ಹೋದೆ, ಹೋಮ್‌ವರ್ಕನ್ನೂ ಒಪ್ಪಿಸಿದೆ. ಐದನೆಯ ದಿನ ಕೆಲವರು ಕೋರ್ಸ್ ಬಿಟ್ಟರು. ಮರುದಿನ ಬೆಳಿಗ್ಗೆ ನನ್ನ ಪಟ್ಟಿಯಲ್ಲಿ ಅಲ್ಗಾರಿದಮ್ಸ್ ಇತ್ತು, ಬದಲಿ ಕೋರ್ಸ್ ತಾನಾಗಿಯೇ ಹೋಗಿತ್ತು. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.